ಬೋರ್ಡಿನ ಮೇಲೇ ಬಿಸಿಲು ಬೀಳಬೇಕು

"ಕುಕ್ಕರಹಳ್ಳಿ ಕೆರೆ ಹತ್ರ ಬೆಳಿಗ್ಗೆ 11ಕ್ಕೆ ತಂಗಿ ಫೋಟೋ ತೆಗೆದೆ. ಕಣ್ಣ ಕೆಳಗೆ ಕಪ್ಪು ನೆರಳು. ಬಿಳಿ ಬೆಡ್‌ಶೀಟ್ ಹಿಡಿದೆ, ಏನೂ ವ್ಯತ್ಯಾಸ ಆಗಲಿಲ್ಲ, ಯಾಕೆ?"

ಬಹುಶಃ ಬೆಡ್‌ಶೀಟ್ ಮರದ ನೆರಳಲ್ಲಿತ್ತು. ಶೀಟಿನ ಮೇಲೇ ನೇರ ಬಿಸಿಲು ಬೀಳದಿದ್ದರೆ ಅದು ಮುಖಕ್ಕೆ ಏನು ಬೆಳಕು ಕೊಟ್ಟೀತು? ತಂಗಿಯನ್ನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ. ಆಗ ಮುಖ ಪೂರ್ತಿ ಒಂದೇ ಸಮ ನೆರಳಲ್ಲಿರುತ್ತದೆ, ಅವರ ಎದುರಿಗೆ ಹಿಡಿದ ಬಿಳಿ ಶೀಟಿಗೆ ಬಿಸಿಲು ಸಿಗುತ್ತದೆ.

ಬಟ್ಟೆಗಿಂತ ಥರ್ಮೋಕೋಲ್ ಹಲಗೆ ಅಥವಾ ರಟ್ಟಿಗೆ ಅಂಟಿಸಿದ ಬಿಳಿ ಡ್ರಾಯಿಂಗ್ ಶೀಟ್ ಮೇಲು. ಕೆರೆ ಗಾಳಿಗೆ ಬಟ್ಟೆ ಪಟಪಟ ಹಾರುತ್ತದೆ, ಹಿಡಿಯೋಕೆ ಇಬ್ಬರು ಬೇಕು. ಎರಡು ಮೂರು ಅಡಿ ಅಗಲ ಇದ್ದರೆ ಭುಜದವರೆಗಿನ ಫೋಟೋಗೆ ಸಾಕು. ಪೂರ್ತಿ ಆಳಿಗೆ ಸಾಲಲ್ಲ.

ಫೋಟೋ ಚೌಕಟ್ಟಿನೊಳಗೆ ಕಾಣದ ಹಾಗೆ, ಆದರೆ ಆದಷ್ಟು ಹತ್ತಿರ, ಎರಡು ಮೂರು ಅಡಿ ದೂರದಲ್ಲಿ, ಎದೆ ಮಟ್ಟದಲ್ಲಿ ಸ್ವಲ್ಪ ಪಕ್ಕಕ್ಕೆ ಹಿಡಿಸಿ. ದೂರ ಹೋದಷ್ಟೂ ಬೆಳಕು ಬೇಗ ಸೋರಿಹೋಗುತ್ತದೆ. ತಟ್ಟೆ ಥರ ಸೊಂಟದ ಹತ್ರ ಮಲಗಿಸಬೇಡಿ, ಗದ್ದದ ಕೆಳಗೂ ಮೂಗಿನ ಹೊಳ್ಳೆಗೂ ಬೆಳಕು ಬಿದ್ದು ಮುಖ ವಿಕಾರವಾಗಿ ಕಾಣುತ್ತದೆ.

ಬೋರ್ಡನ್ನು ನಿಧಾನ ಓರೆ ಮಾಡುತ್ತಾ ತಂಗಿಯ ಕಣ್ಣುಗುಡ್ಡೆ ನೋಡಿ. ಅಲ್ಲಿ ಚಿಕ್ಕ ಬಿಳಿ ಚೌಕ ಹೊಳೆದು, ಕಣ್ಣ ಕೆಳಗಿನ ಕಪ್ಪು ತಿಳಿಯಾದರೆ ಅದೇ ಸರಿಯಾದ ಕೋನ. ಆಮೇಲೆ ಮೊಬೈಲ್‌ನಲ್ಲಿ ಮುಖದ ಮೇಲೆ ಒತ್ತಿ ಕ್ಲಿಕ್ ಮಾಡಿ.