ಟೆಸ್ಟೋಸ್ಟೆರಾನ್ 280 ಬಂದಿದೆ, ಬೂಸ್ಟರ್ ತಗೋಬೇಕಾ?

ಪ್ರಶ್ನೆ: ವಯಸ್ಸು 29, ಎತ್ತರ 5 ಅಡಿ 6 ಇಂಚು, ತೂಕ 84 ಕೆ.ಜಿ., ಹೊಟ್ಟೆ ಸುತ್ತಳತೆ 40 ಇಂಚು. ವೇಮಗಲ್ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನೈಟ್ ಶಿಫ್ಟ್ ವಾರದಲ್ಲಿ ಸಂಜೆ ಟೆಸ್ಟ್ ಮಾಡಿಸಿದೆ, 280 ಬಂತು. ಜಿಮ್‌ನಲ್ಲಿ ಬೂಸ್ಟರ್ ತಗೋ ಅಂತಾರೆ. ಏನು ಮಾಡಲಿ?

ಉತ್ತರ: ನಾನು ಕೋಲಾರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಮೊದಲು ಆ 280 ಅನ್ನೋ ಸಂಖ್ಯೆಯನ್ನೇ ನಂಬಬೇಡಿ. ಈ ಹಾರ್ಮೋನ್ ನಿದ್ದೆಯಲ್ಲಿ ಏರುತ್ತೆ, ಬೆಳಿಗ್ಗೆ ಜಾಸ್ತಿ ಇರುತ್ತೆ, ಸಂಜೆಗೆ ಇಳಿಯುತ್ತೆ. ಹಗಲು ಶಿಫ್ಟ್ ಇರುವ ವಾರದ ಕೊನೆಗೆ, ರಾತ್ರಿ ಚೆನ್ನಾಗಿ ಮಲಗಿ, ಬೆಳಿಗ್ಗೆ 7ರಿಂದ 10ರೊಳಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಇನ್ನೊಂದು ದಿನ ಮತ್ತೆ ಹಾಗೇ ಮಾಡಿಸಿ. ಎರಡು ಸಲವೂ 300 ng/dLಗಿಂತ ಕಡಿಮೆ ಬಂದರೆ ಮಾತ್ರ ಅದನ್ನು ಕಡಿಮೆ ಅಂತ ಲೆಕ್ಕ ಹಾಕುತ್ತಾರೆ. ಜ್ವರ ಇದ್ದಾಗ ಮಾಡಿಸಬೇಡಿ.

ನಿಮ್ಮ ವಿಷಯದಲ್ಲಿ ನಿದ್ದೆಯೇ ದೊಡ್ಡದು ಅನ್ನಿಸುತ್ತೆ. ಷಿಕಾಗೋದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತ ಹುಡುಗರನ್ನು ಒಂದು ವಾರ ದಿನಕ್ಕೆ 5 ಗಂಟೆ ಮಾತ್ರ ಮಲಗಿಸಿದರು. ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಇಳಿಯಿತು. ಹಾಗಾಗಿ ನೈಟ್ ಶಿಫ್ಟ್ ವಾರದಲ್ಲೂ 7 ಗಂಟೆ ಮಲಗಲೇಬೇಕು: ಕಿಟಕಿಗೆ ದಪ್ಪ ಪರದೆ ಹಾಕಿ, ಶಿಫ್ಟಿನ ಎರಡನೇ ಅರ್ಧದಲ್ಲಿ ಟೀ, ಕಾಫಿ ಬಿಡಿ. ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿದಂತಾಗುತ್ತೆ ಅಂತ ಮನೆಯವರು ಹೇಳಿದರೆ, ಡಾಕ್ಟರ್ ಹತ್ತಿರ ಅದನ್ನೂ ತೋರಿಸಿ.

ಆಮೇಲೆ ಹೊಟ್ಟೆ. ಕೊಬ್ಬಿನಲ್ಲಿರೋ ಒಂದು ಕಿಣ್ವ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತೆ. ಕೊಬ್ಬು ಜಾಸ್ತಿಯಾದರೆ ಟೆಸ್ಟೋಸ್ಟೆರಾನನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನ್ ಕೂಡ ಇಳಿಯುತ್ತೆ, ಹಾಗಾಗಿ ವರದಿಯಲ್ಲಿ ಒಟ್ಟು ಸಂಖ್ಯೆ ಕಮ್ಮಿ ಕಾಣುತ್ತೆ. ವಾರಕ್ಕೆ ಅರ್ಧ ಕೆ.ಜಿ. ಲೆಕ್ಕದಲ್ಲಿ 76ಕ್ಕೆ ಇಳಿಯಿರಿ, ನಾಲ್ಕು ತಿಂಗಳು ಬೇಕಾಗಬಹುದು. ಉಪವಾಸ ಬಿದ್ದು ಬೇಗ ಇಳಿಸೋಕೆ ಹೋದರೆ ಹಾರ್ಮೋನ್ ಇನ್ನೂ ಕುಸಿಯುತ್ತೆ.

ಪ್ರೋಟೀನ್ ನೇರವಾಗಿ ಟೆಸ್ಟೋಸ್ಟೆರಾನ್ ಏರಿಸಲ್ಲ. ತೂಕ ಇಳಿಯುವಾಗ ಸ್ನಾಯು ಉಳಿಸುತ್ತೆ, ಅಷ್ಟೇ. ದಿನಕ್ಕೆ 80 ಗ್ರಾಂ ಸಾಕು. 3 ಮೊಟ್ಟೆಯಲ್ಲಿ 18, ಅರ್ಧ ಲೀಟರ್ ಹಾಲಿನಲ್ಲಿ 16, 150 ಗ್ರಾಂ ಕೋಳಿಯಲ್ಲಿ 30ರ ಹತ್ತಿರ. ಉಳಿದದ್ದು ಹುರುಳಿ ಸಾರು, ಮುದ್ದೆಯಲ್ಲೇ ಸಿಗುತ್ತೆ.

ಜಿಂಕ್ ಕೂಡ ಅದರ ಕೊರತೆ ಇದ್ದವರಿಗೆ ಮಾತ್ರ ಕೆಲಸ ಮಾಡುತ್ತೆ. ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ ಅಂತ ಐಸಿಎಂಆರ್ ಹೇಳಿದೆ. ರಾಗಿ, ಕಾಳುಗಳಲ್ಲಿರೋ ಫೈಟೇಟ್ ಜಿಂಕನ್ನು ಹೀರಿಕೊಳ್ಳಲು ಅಡ್ಡಿ ಮಾಡುತ್ತೆ, ಹುರುಳಿ, ಹೆಸರುಕಾಳನ್ನು ಮೊಳಕೆ ಕಟ್ಟಿದರೆ ಅದು ಸ್ವಲ್ಪ ಕಡಿಮೆಯಾಗುತ್ತೆ. ಕುರಿ ಮಾಂಸದಿಂದ ಸುಲಭವಾಗಿ ಸಿಗುತ್ತೆ. ಜಾಸ್ತಿ ಡೋಸಿನ ಜಿಂಕ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತೆ.

ಬೂಸ್ಟರ್ ಡಬ್ಬಿಗೆ ದುಡ್ಡು ಹಾಕಬೇಡಿ. ಕೆಲವದರಲ್ಲಿ ಲೇಬಲ್ ಮೇಲೆ ಬರೆಯದ ಸ್ಟೀರಾಯ್ಡ್ ಸಿಕ್ಕಿದ್ದಿದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ತರಹದ ಇಂಥ ಸ್ಟೀರಾಯ್ಡ್ ಒಳಗೆ ಹೋದರೆ ಮೆದುಳು ವೃಷಣಗಳಿಗೆ ಕೊಡುವ ಸೂಚನೆ ನಿಲ್ಲಿಸುತ್ತೆ, ವೀರ್ಯಾಣು ಕುಸಿಯುತ್ತೆ. ಮುಂದೆ ಮಕ್ಕಳು ಬೇಕು ಅಂದರೆ ಇದು ಸಣ್ಣ ವಿಷಯ ಅಲ್ಲ.

ಎರಡು ಬೆಳಗಿನ ವರದಿಯೂ ಕಡಿಮೆ ಬಂದರೆ, ಅಥವಾ ಲೈಂಗಿಕ ಆಸಕ್ತಿ ಕುಗ್ಗಿ, ಬೆಳಗಿನ ಉದ್ರೇಕ ನಿಂತು, ತಲೆನೋವೋ ದೃಷ್ಟಿ ಮಂಜೋ ಇದ್ದರೆ, ನಾಲ್ಕು ತಿಂಗಳು ಕಾಯದೆ ಹಾರ್ಮೋನ್ ತಜ್ಞರಾದ ಎಂಡೋಕ್ರೈನಾಲಜಿಸ್ಟ್ ಅವರನ್ನು ನೋಡಿ. ಅವರು ಎಲ್‌ಎಚ್, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್‌ಗಳ ಟೆಸ್ಟ್ ಬರೆದು ಕಾರಣ ಹುಡುಕುತ್ತಾರೆ.