ರಿಟೆನ್ಷನ್ ಗ್ರಾಫ್ ನೋಡಿ ವಿಡಿಯೊದಲ್ಲಿ ಏನು ಕತ್ತರಿಸಬೇಕು, ಏನು ಮುಂದಕ್ಕೆ ತರಬೇಕು ಅಂತ ಹೇಗೆ ಗೊತ್ತಾಗುತ್ತೆ?

ವಿಡಿಯೊದ ಯಾವ ಕ್ಷಣದಲ್ಲಿ ಎಷ್ಟು ಜನ ನೋಡುತ್ತಿದ್ದರು ಅಂತ ಈ ಗ್ರಾಫ್‌ನ ಗೆರೆ ತೋರಿಸುತ್ತದೆ. ಗೆರೆ ಕುಸಿದು ಮತ್ತೆ ಎದ್ದಿದ್ದರೆ ಆ ತಗ್ಗಿನ ಭಾಗವನ್ನು ಮೊಟಕುಗೊಳಿಸಿ. ಎದ್ದ ಜಾಗವನ್ನು ಮುಂದಕ್ಕೆ ತರಬಹುದು. ಬಿಟ್ಟು ಹೋದವರು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಗೆರೆ ಏರಿತೆಂದರೆ ಜನ ವಿಡಿಯೊ ಓಡಿಸಿಕೊಂಡು ಬಂದು ಅಲ್ಲಿ ನಿಂತಿದ್ದಾರೆ, ಇಲ್ಲವೇ ಹಿಂದಕ್ಕೆಳೆದು ಮತ್ತೆ ನೋಡಿದ್ದಾರೆ.

ಬಿಸಿಬೇಳೆಬಾತ್ ವಿಡಿಯೊದಲ್ಲಿ 1:10ಕ್ಕೆ ಕುಸಿದ ಗೆರೆ 2:00ಕ್ಕೆ, ಮಸಾಲೆ ಹುರಿಯುವಲ್ಲಿ, ಎದ್ದಿದೆ ಅನ್ನಿ. ನಡುವೆ ತರಕಾರಿ ಹೆಚ್ಚುವ 50 ಸೆಕೆಂಡನ್ನು 10ಕ್ಕೆ ಇಳಿಸಿ. ಬಡಿಸುವ ಶಾಟ್‌ನಲ್ಲಿ ಏರಿದ್ದರೆ ಅದರ ತುಣುಕು ಆರಂಭಕ್ಕೆ ಬರಲಿ. ಅಳತೆ ಬರೆದ ಕಡೆ ಮೊನಚಾಗಿ ಏರಿದ್ದರೆ ಮಾತ್ರ ಹಿಗ್ಗಬೇಡಿ, ಬಹುಶಃ ಓದಲು ಸಮಯ ಸಾಲದೆ ಹಿಂದಕ್ಕೆಳೆದಿದ್ದಾರೆ; ಅಲ್ಲಿ ಇನ್ನೆರಡು ಸೆಕೆಂಡು ಕೊಡಿ.

ಯೂಟ್ಯೂಬ್‌ಗೆ ಏರಿಸಿದ ವಿಡಿಯೊವನ್ನು ಕತ್ತರಿಸಬಹುದು, ಕ್ರಮ ಬದಲಿಸಲು ಆಗುವುದಿಲ್ಲ. ಅದೇನಿದ್ದರೂ ಮುಂದಿನ ವಿಡಿಯೊಗೆ.