ಎಂಟು ತಿಂಗಳಿಂದ ಅದೇ ಪುಟ

"ಅಕ್ಕನ ಜೊತೆ ಜಗಳ ಆದಮೇಲೆ ಎಂಟು ತಿಂಗಳಿಂದ ದಿನಾ ರಾತ್ರಿ ಮನಸ್ಸಿಗೆ ಬಂದದ್ದೆಲ್ಲ ಬರೀತಿದ್ದೀನಿ. ಹಗುರ ಆಗೋ ಬದಲು ಇನ್ನೂ ಕುದಿಯುತ್ತೆ, ನಿದ್ದೆ ಬರಲ್ಲ. ಇನ್ನೂ ಜಾಸ್ತಿ ಬರೀಬೇಕಾ? ಅಥವಾ ಪ್ರಶ್ನೆ ಇರೋ ಜರ್ನಲ್ ತಗೊಳ್ಳಲಾ?"

ಜಾಸ್ತಿ ಬೇಡ ಮೇಡಂ. ಇವತ್ತು ರಾತ್ರಿ ಪುಸ್ತಕ ಮುಟ್ಟಲೇಬೇಡಿ. ಇದೇ ತಪ್ಪನ್ನು ನಾನು ಏಳು ತಿಂಗಳು ಮಾಡಿದ್ದೇನೆ. ಅದಕ್ಕೇ ಸುಮ್ನೆ ಇರಲಾಗದೆ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಮತ್ತು ಒಬ್ಬ ಹಳೇ ಗೆಳೆಯ ಸೇರಿ ಒಂದು ಸಣ್ಣ ಕೆಲಸ ನಡೆಸುತ್ತಿದ್ದೆವು. ಒಂದು ದಿನ ಅವನು ಮೆಸೇಜ್ ಹಾಕಿ ಬಿಟ್ಟುಹೋದ. ಆವತ್ತಿನಿಂದ ರಾತ್ರಿ ಕೂತು ಗೀಚಿದ್ದೇ ಗೀಚಿದ್ದು. ಮೂರು ನೋಟ್‌ಬುಕ್ ತುಂಬಿತು. ಬರೆದರೆ ಒಳಗಿನದು ಹೊರಗೆ ಹೋಗುತ್ತದೆ ಎಂದುಕೊಂಡಿದ್ದೆ. ಕೊನೆಗೊಮ್ಮೆ ಮೊದಲಿನಿಂದ ಓದಿದಾಗ ನಾಚಿಕೆಯಾಯಿತು. "ಒಂದು ಮಾತು ಹೇಳಬಹುದಿತ್ತಲ್ಲ" ಅನ್ನುವ ಸಾಲು 41 ಸಲ ಇತ್ತು. ಆ ಸಾಲನ್ನು ನಾನು ಹೊರಗೆ ಹಾಕುತ್ತಿರಲಿಲ್ಲ, ದಿನಾ ಅಭ್ಯಾಸ ಮಾಡುತ್ತಿದ್ದೆ.

ನೀವೂ ಹಗಲು ಹೊತ್ತಿನಲ್ಲಿ ಕೊನೆಯ ಹತ್ತು ದಿನದ್ದನ್ನು ತೆಗೆದು ಓದಿ. ಮೊದಲೇ ಬರೆದಿದ್ದ ಮಾತು ಮತ್ತೆ ಬಂದಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. "ಯಾಕೆಂದರೆ", "ಈಗ ಹೊಳೆಯಿತು", "ನಾನೂ" ಎಂದು ಏನಾದರೂ ಹೊಸದು ಬಂದಲ್ಲಿ ನೀಲಿ ಗೆರೆ. ನನ್ನ ಪುಟಗಳು ಪೂರ್ತಿ ಕೆಂಪು. ನಿಮ್ಮದರಲ್ಲಿ ನೀಲಿ ಜಾಸ್ತಿ ಇದ್ದರೆ ಮುಂದಿನದನ್ನು ಓದುವುದೇ ಬೇಡ, ನಿಮ್ಮ ದಾರಿ ಸರಿಯಿದೆ.

ಈ ಗೆರೆಯ ಲೆಕ್ಕ ಪೂರಾ ನನ್ನ ತಲೆಯದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ದಿನಕ್ಕೆ 15 ನಿಮಿಷ, ಸಾಲಾಗಿ 4 ದಿನ. ಅಷ್ಟೇ, ನಿಲ್ಲಿಸಿದರು. ನಡೆದದ್ದು, ಅನ್ನಿಸಿದ್ದು ಎರಡನ್ನೂ ಸೇರಿಸಿ ಬರೆದವರು ಆಮೇಲಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರಿಗೂ ಬೇಜಾರೇ ಆಗಿತ್ತು, ಇದನ್ನು ಯಾರೂ ಹೇಳುವುದಿಲ್ಲ. ಮುಂದೆ ಆ ಬರಹಗಳ ಪದ ಎಣಿಸಿ ನೋಡಿದಾಗ, ದಿನದಿಂದ ದಿನಕ್ಕೆ ಕಾರಣ ಹುಡುಕುವ, ಅರ್ಥವಾಯಿತು ಅನ್ನುವ ಪದಗಳು ಹೆಚ್ಚಾದವರಿಗೇ ಲಾಭ ಜಾಸ್ತಿ ಕಂಡಿತು. ಹಾಗಂತ ಇದು ಎಲ್ಲರಿಗೂ ಕೆಲಸ ಮಾಡುವ ಮದ್ದಲ್ಲ. ನಂತರದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿದರೆ ಲಾಭ ಸಣ್ಣದೇ.

ಮೇಲೆ ಒಬ್ಬರು "ಬರೆದು ಹರಿದು ಹಾಕಿ, ಮುಗೀತು" ಎಂದಿದ್ದಾರೆ. ಅರ್ಧ ಸರಿ. ಯಾರೂ ಓದುವುದಿಲ್ಲ ಎಂದು ಗೊತ್ತಿದ್ದರೆ ಕೈ ಸುಳ್ಳು ಬರೆಯುವುದಿಲ್ಲ. ಆದರೆ ದಿನಾ ಹರಿದರೆ 41 ಸಲ ಬರೆದದ್ದು ಗೊತ್ತಾಗುವುದು ಹೇಗೆ? ನಾಲ್ಕು ದಿನ ಇಟ್ಟುಕೊಳ್ಳಿ, ಗೆರೆ ಎಳೆಯಿರಿ, ಆಮೇಲೆ ಹರಿಯಿರಿ.

ನಾನು ಮಾಡಿದ್ದು ಹೀಗೆ. ಮೊಬೈಲಿನಲ್ಲಿ 15 ನಿಮಿಷದ ಟೈಮರ್ ಇಟ್ಟು ನಾಲ್ಕು ದಿನ ಬರೆದೆ. ಮೊದಲ ಎರಡು ದಿನ ಸುಮ್ನೆ ಕಕ್ಕಿದೆ. ಮೂರನೇ ದಿನ "ನಾನು" ಬಿಟ್ಟು ನನ್ನ ಹೆಸರು ಹಾಕಿ, ಬೇರೆ ಯಾರದೋ ಕಥೆಯ ಹಾಗೆ ಬರೆದೆ. ನಾಲ್ಕನೇ ದಿನ ಗೆಳೆಯನ ಕುರ್ಚಿಯಲ್ಲಿ ಕೂತು ಬರೆದೆ. ಅವನನ್ನು ಕ್ಷಮಿಸುವುದಕ್ಕಲ್ಲ, ಅವನಿಗೆ ಆ ದಿನ ಏನು ಕಾಣುತ್ತಿತ್ತು ಎಂದು ನೋಡುವುದಕ್ಕೆ. ಮೂರನೇ ದಿನ ಮೊದಲ ನೀಲಿ ಗೆರೆ ಬಿತ್ತು.

ಒಂದು ವಾರ ಬಿಟ್ಟು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿದೆ: ನಡೆದದ್ದು, ಅಂದುಕೊಂಡದ್ದು, ಅನ್ನಿಸಿದ್ದು, ಪರ-ವಿರುದ್ಧ. ಇಲ್ಲಿ ಎಲ್ಲರೂ ಎಡವುವುದು ಮೊದಲ ಕಾಲಂನಲ್ಲೇ. "ಅವನು ಮೋಸ ಮಾಡಿದ" ಎಂದು ಬರೆಯುತ್ತಾರೆ. ಅದು ನಡೆದದ್ದಲ್ಲ, ನೀವು ಅಂದುಕೊಂಡದ್ದು. ಕ್ಯಾಮೆರಾಗೆ ಕಾಣುವಷ್ಟನ್ನೇ ಬರೆಯಿರಿ. ನಾನು ಬರೆದದ್ದು: "ರಾತ್ರಿ ಒಂಬತ್ತಕ್ಕೆ ಮೆಸೇಜ್ ಬಂತು, ಎರಡು ಸಾಲು." ಪಕ್ಕದಲ್ಲಿ ಅಂದುಕೊಂಡದ್ದು: "ನಾನು ಅವನಿಗೆ ಲೆಕ್ಕಕ್ಕೇ ಇಲ್ಲ." ಮೂರನೆಯದು ಅನ್ನಿಸಿದ್ದು, ನೂರಕ್ಕೆ ಎಷ್ಟು ಎಂಬ ಅಂಕದ ಜೊತೆ. ಸಿಟ್ಟು 80. ಅವಮಾನ 60. ಇನ್ನೂ ಏನಾದರೂ ಇದೆಯಾ ಎಂದು ಐದು ನಿಮಿಷ ಪೆನ್ನು ಹಿಡಿದು ಕೂತೆ. ಆಗ ಬಂತು: ನಿರಾಳ, 30.

ನಿರಾಳ! ಏಳು ತಿಂಗಳಲ್ಲಿ ಒಮ್ಮೆಯೂ ಬರೆಯದ ಪದ. ನನಗೂ ಆ ಕೆಲಸ ಸಾಕಾಗಿತ್ತು. ಬಿಡುವ ಧೈರ್ಯ ಇರಲಿಲ್ಲ, ಅವನಿಗಿತ್ತು. ಸಿಟ್ಟಿನ ಅರ್ಧ ಪಾಲು ಅದರ ಮೇಲೇ ಇತ್ತು. ನಾಲ್ಕನೇ ಕಾಲಂನಲ್ಲಿ "ನಾನು ಲೆಕ್ಕಕ್ಕೇ ಇಲ್ಲ" ಎಂಬುದರ ಪರ ಏನಿದೆ, ವಿರುದ್ಧ ಏನಿದೆ ಎಂದು ಬರೆದೆ. ಪರ: ಮುಖ ನೋಡಿ ಹೇಳಲಿಲ್ಲ. ವಿರುದ್ಧ: ಅದಕ್ಕೆ ಮುಂಚೆ ಎರಡು ಸಲ "ಕೂತು ಮಾತಾಡೋಣ" ಎಂದಿದ್ದ, ನಾನೇ ಮುಂದೂಡಿದ್ದೆ. ಮತ್ತೆ ಅಂಕ ಹಾಕಿದರೆ ಸಿಟ್ಟು 45, ಅವಮಾನ 40. ಹೊಸದಾಗಿ ತಪ್ಪಿತಸ್ಥ ಭಾವ 35 ಬಂದು ಕೂತಿತು. ಎಲ್ಲಾ ಇಳಿಯಬೇಕು ಎಂದೇನಿಲ್ಲ. ಸೊನ್ನೆ ಬಂದರೆ ನೀವು ಪರೀಕ್ಷೆಗೆ ಬರೆದಂತೆ ಬರೆದಿದ್ದೀರಿ ಎಂದರ್ಥ.

ನಮ್ಮ ಗುಂಪಿನಲ್ಲೇ ಇರುವ ಕೌನ್ಸೆಲರ್ ಮೇಡಂ ಇದನ್ನು ಒಪ್ಪುವುದಿಲ್ಲ. ಕುದಿಯುತ್ತಿರುವವರಿಗೆ ನೇರ ಕಾಲಂ ಕೊಡಿ, ಕಕ್ಕುವ ಎರಡು ದಿನವೂ ಬೇಡ ಅನ್ನುತ್ತಾರೆ. ಅವರು ನೂರಾರು ಜನರನ್ನು ನೋಡಿದವರು, ನಾನು ನನ್ನೊಬ್ಬನನ್ನೇ. ಆದರೂ ಕಕ್ಕದೆ ಕಾಲಂಗೆ ಇಳಿದಾಗ ನನಗೆ ಸಿಟ್ಟು ಒಂದೇ ಸಿಕ್ಕಿತ್ತು. ಎಂಟು ತಿಂಗಳು ಕಕ್ಕಿರುವ ನಿಮಗೆ ಬಹುಶಃ ಅವರ ಮಾತೇ ಸರಿ. ಅವರು ಹೇಳುವ ಇನ್ನೊಂದನ್ನು ನಾನು ಪೂರ್ತಿ ಒಪ್ಪುತ್ತೇನೆ. "ಅಕ್ಕ ಯಾಕೆ ಹೀಗೆ" ಎಂದು ಶುರು ಮಾಡಬೇಡಿ, "ಆ ಮಾತು ಕೇಳಿದಾಗ ನನಗೆ ಏನಾಯಿತು" ಎಂದು ಶುರು ಮಾಡಿ. "ಅಕ್ಕ" ಎಂಬ ತಲೆಬರಹವೂ ಬೇಡ. ಒಂದು ದಿನ, ಒಂದು ಮಾತು ಆರಿಸಿಕೊಳ್ಳಿ.

ಪ್ರಶ್ನೆ ಅಚ್ಚಾಗಿರುವ ಜರ್ನಲ್‌ಗಳ ಬಗ್ಗೆ ನನಗೆ ಅಷ್ಟಕ್ಕಷ್ಟೇ. "ಇಂದು ಖುಷಿ ಕೊಟ್ಟ ಮೂರು ಸಂಗತಿ" ಕುದಿಯುವ ಪಾತ್ರೆಗೆ ಮುಚ್ಚಳ ಒತ್ತಿದ ಹಾಗೆ. ಮೋಲ್‌ಸ್ಕಿನ್ ಥರದ ಚಂದದ ಪುಸ್ತಕವೂ ಬೇಡ, ಅದರಲ್ಲಿ ಅಕ್ಷರ ದುಂಡಗೆ ಬರುತ್ತದೆ, ಸತ್ಯ ಬರುವುದಿಲ್ಲ. ಬಿಡಿ ಹಾಳೆ ಸಾಕು. ಯಾವ ಆ್ಯಪ್ ಒಳ್ಳೇದು ಎಂದು ನಡುವೆ ಒಬ್ಬರು ಕೇಳಿದ್ದಾರೆ. ಅಣ್ಣಾ, ಇಲ್ಲಿನ ಪ್ರಶ್ನೆ ಅದಲ್ಲ. ಕೇಳಿದ್ದಕ್ಕೆ ಹೇಳುತ್ತೇನೆ: ಲಾಕ್ ಇರುವ ಯಾವುದಾದರೂ ಸರಿ, ಆದರೆ ಹಳೆಯದನ್ನು ತಾನಾಗಿ ನೆನಪಿಸುವ ಸೆಟ್ಟಿಂಗ್ ಆಫ್ ಮಾಡಿ. ಹೋದ ವರ್ಷದ ಜಗಳ ಬೆಳಿಗ್ಗೆ ಎದ್ದ ಕೂಡಲೇ ಯಾರಿಗೆ ಬೇಕು?

ಹಾಸಿಗೆಯಲ್ಲಿ ಬರೆಯಬೇಡಿ, ಮಲಗುವ ಮುನ್ನವೂ ಬೇಡ. ಸಂಜೆ ಬರೆದು ಎದ್ದು ಬೇರೆ ಕೆಲಸಕ್ಕೆ ಹೋಗಿ. ಬರೆಯುತ್ತಾ ಕೈಕಾಲು ತಣ್ಣಗಾದರೆ, ಉಸಿರು ಕಟ್ಟಿದಂತಾದರೆ ಅಲ್ಲಿಗೇ ನಿಲ್ಲಿಸಿ. ಟೈಮರ್ ಮುಗಿದಿಲ್ಲ ಎಂದು ಹಟ ಬೇಡ. ಘಟನೆ ನಡೆದು ಇನ್ನೂ ಕೆಲವೇ ದಿನ ಆಗಿದ್ದರೆ ಈ ನಾಲ್ಕು ದಿನದ ಪದ್ಧತಿಯನ್ನು ಶುರುವೇ ಮಾಡಬೇಡಿ, ನಿಮ್ಮದು ಹಳೆಯದಾದ್ದರಿಂದ ಹೇಳಿದೆ. ಬದುಕೇ ಬೇಡ ಅನ್ನುವ ಮಾತು ಪುಟದಲ್ಲಿ ಬರತೊಡಗಿದ್ದರೆ ಇದು ಹಾಳೆಯ ಕೆಲಸವಲ್ಲ, ಇವತ್ತೇ ಯಾರಿಗಾದರೂ ಫೋನ್ ಮಾಡಿ, ಡಾಕ್ಟರ್ ಹತ್ತಿರ ಹೋಗಿ.

ಕಳಿಸದ ಪತ್ರ ಬರೆಯುವುದೂ ಚೆನ್ನಾಗಿದೆ, ಅಕ್ಕನಿಗೇ ನೇರ ಬರೆಯಿರಿ. ಕಾಗದದ ಮೇಲೆ ಮಾತ್ರ. ಮೊಬೈಲಿನಲ್ಲಿ ಅವರ ಚಾಟ್ ತೆರೆದುಕೊಂಡು ಅದರಲ್ಲೇ ಟೈಪ್ ಮಾಡಬೇಡಿ. ನನ್ನ ಹೆಬ್ಬೆರಳು ಒಮ್ಮೆ ಜಾರಿದೆ.